ಭಂಗಿ ಬದಲಾದಾಗ ಮ್ಯಾಸ್ಕಾಟ್‌ನ ಮುಖವೂ ಬದಲಾದರೆ: ಪ್ರಾಂಪ್ಟ್ ದೋಷ ನಿವಾರಣೆ ಕೈಪಿಡಿ

ಚಿತ್ರ ಬರೆಯುವ ಎಐ ಪರಿಕರದಿಂದ ಮಕ್ಕಳ ತಿಂಡಿ ಪ್ಯಾಕೆಟ್‌ಗೆ ಒಂದು ಮುದ್ದಾದ ಮ್ಯಾಸ್ಕಾಟ್ ಮಾಡಿಸಿಕೊಳ್ಳಲು ಅರ್ಧ ಗಂಟೆ ಸಾಕು. ಅದೇ ಮ್ಯಾಸ್ಕಾಟ್ ಎರಡನೇ ಸಲವೂ ಹಾಗೇ ಬರಬೇಕೆಂದರೆ ಮಾತ್ರ ದಿನಗಟ್ಟಲೆ ಹಿಡಿಯುತ್ತದೆ. ಪ್ಯಾಕೆಟ್‌ನ ಮುಂಬದಿಯಲ್ಲಿ ಕೈ ಬೀಸುವವನು, ಹಿಂಬದಿಯಲ್ಲಿ ಕೂತಿರುವವನು, ದೊಡ್ಡ ಡಬ್ಬದ ಮೇಲೆ ಓಡುತ್ತಿರುವವನು ಒಬ್ಬನೇ ಎಂದು ಅಕ್ಷರ ಬಾರದ ಮಗುವಿಗೂ ಗೊತ್ತಾಗಬೇಕು. ಮಗು ಹೆಸರು ಓದಿ ಗುರುತಿಸುವುದಿಲ್ಲ, ಆಕಾರ ಮತ್ತು ಬಣ್ಣ ನೋಡಿ ಗುರುತಿಸುತ್ತದೆ.

ಇಲ್ಲಿ ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ಹೋಗೋಣ. ಜೋಳದ ಪಫ್ ತಿಂಡಿಗೆ ಗುಂಡ ಎಂಬ ಅಳಿಲು. ಕಿತ್ತಳೆ ಮೈ, ಕೆನೆ ಬಣ್ಣದ ಹೊಟ್ಟೆ, ಕೊರಳಲ್ಲಿ ನೀಲಿ ಕರವಸ್ತ್ರ, ಬಾಲದಲ್ಲಿ ಮೂರು ಕಂದು ಬಳೆ. ಮೊದಲ ಚಿತ್ರ ಎಲ್ಲರಿಗೂ ಇಷ್ಟವಾಗಿದೆ, ಆದರೆ ಎರಡನೆಯದರಿಂದ ಎಲ್ಲವೂ ಕೆಡುತ್ತಿದೆ.

## ಏನನ್ನೂ ಬದಲಿಸುವ ಮೊದಲು: ದೋಷ ಯಾವ ಹಂತದಲ್ಲಿದೆ?

ಚಿತ್ರ ಸರಿ ಬರಲಿಲ್ಲವೆಂದು ಪ್ರಾಂಪ್ಟ್‌ಗೆ ಪದ ಸೇರಿಸುತ್ತಾ ಹೋದರೆ ಏನು ಕೆಟ್ಟಿತ್ತೆಂಬುದೇ ತಿಳಿಯದೆ ಹೋಗುತ್ತದೆ. ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಒಂದಕ್ಷರವನ್ನೂ ಬದಲಿಸದೆ ಅದೇ ಪ್ರಾಂಪ್ಟ್‌ನಿಂದ, ಅದೇ ಭಂಗಿಯಲ್ಲಿ, ಎಂಟು ಚಿತ್ರ ತೆಗೆಯಿರಿ. ಎಲ್ಲವನ್ನೂ ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ ಒಂದು ಸಾಲಿನಲ್ಲಿಟ್ಟು, ತುಸು ದೂರ ನಿಂತು ನೋಡಿ.

ಎಂಟೂ ಬೇರೆ ಬೇರೆ ಅಳಿಲಾಗಿ ಕಂಡರೆ ದೋಷ ಗುಂಡನ ವರ್ಣನೆಯಲ್ಲಿದೆ. ಎಂಟೂ ಒಬ್ಬನೇ ಆಗಿದ್ದು ಭಂಗಿ ಬದಲಿಸಿದಾಗ ಮಾತ್ರ ಬೇರೆಯಾದರೆ ದೋಷ ಭಂಗಿಯ ಪದಗಳಲ್ಲಿ ಅಥವಾ ಹೀಗಿರಲಿ ಎಂದು ಪರಿಕರಕ್ಕೆ ತೋರಿಸಿದ ರೆಫರೆನ್ಸ್ ಚಿತ್ರದಲ್ಲಿದೆ. ಪರದೆಯ ಮೇಲೆ ಎಲ್ಲ ಭಂಗಿಯೂ ಸರಿಯಿದ್ದು ಪ್ಯಾಕೆಟ್ ಮೇಲೆ ಬಂದಾಗ ಕೆಟ್ಟರೆ, ಪ್ರಾಂಪ್ಟ್‌ನ ಗೋಜಿಗೇ ಹೋಗಬೇಡಿ. ಅದು ಫೈಲ್ ಮತ್ತು ಮುದ್ರಣದ ವಿಷಯ.

ಸೀಡ್ ಸಂಖ್ಯೆಯನ್ನು ಲಾಕ್ ಮಾಡಿದರೆ ಪಾತ್ರ ಉಳಿಯುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಸೀಡ್ ನಿಗದಿ ಮಾಡುವುದು ಚಿತ್ರ ಎಲ್ಲಿಂದ ಶುರುವಾಗುತ್ತದೋ ಆ ಚುಕ್ಕೆಗಳ ಗದ್ದಲವನ್ನು ಮಾತ್ರ. ಅದರಲ್ಲಿ ಗುಂಡನ ನೆನಪು ಇರುವುದಿಲ್ಲ. ಪ್ರಾಂಪ್ಟ್‌ನಲ್ಲಿ ನಿಂತದ್ದನ್ನು ಕೂತದ್ದೆಂದು ಬದಲಿಸಿದ ಕೂಡಲೇ ಅದೇ ಸೀಡ್‌ನಿಂದ ಬೇರೆಯೇ ಅಳಿಲು ಬರಬಹುದು. ಸೀಡ್‌ನ ನಿಜವಾದ ಉಪಯೋಗ ತಪಾಸಣೆಗೆ. ಅದನ್ನು ಹಾಗೇ ಇಟ್ಟು ಪ್ರಾಂಪ್ಟ್‌ನ ಒಂದೊಂದೇ ಪದ ತೆಗೆದು ನೋಡಿದರೆ ಯಾವ ಪದ ಕಾಟ ಕೊಡುತ್ತಿದೆ ಎಂದು ಗೊತ್ತಾಗುತ್ತದೆ.

## ಲಕ್ಷಣ: ಒಂದೇ ಭಂಗಿ ಕೇಳಿದರೂ ಪ್ರತಿ ಸಲ ಬೇರೆ ಅಳಿಲು

ಖರ್ಚಿಲ್ಲದ ತಪಾಸಣೆ ಇದು: ಹಿಂದಿನ ಮತ್ತು ಇಂದಿನ ಪ್ರಾಂಪ್ಟ್‌ಗಳನ್ನು ಅಕ್ಕಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿ. ಹೆಚ್ಚಿನ ಸಲ ತಪ್ಪು ಅಲ್ಲೇ ಸಿಗುತ್ತದೆ. ನಿನ್ನೆ ಕಿತ್ತಳೆ ಎಂದು ಬರೆದವರು ಇಂದು ಕೆಂಗಂದು ಎಂದು ಬರೆದಿರುತ್ತಾರೆ. ನಮಗೆ ಅವೆರಡೂ ಒಂದೇ ಅಳಿಲು, ಪರಿಕರಕ್ಕೆ ಎರಡು.

ಅಕ್ಷರಗಳು ಒಂದೇ ಇದ್ದರೂ ಚಿತ್ರಗಳು ಬೇರೆಯಾದರೆ, ವರ್ಣನೆಯಲ್ಲಿ ಕಣ್ಣಿಗೆ ಕಾಣುವ ವಿವರ ಕಡಿಮೆಯಿದೆ ಎಂದರ್ಥ. ಮುದ್ದಾದ, ತುಂಟ, ಮಕ್ಕಳಿಗೆ ಇಷ್ಟವಾಗುವ ಎಂಬಂಥ ಪದಗಳು ಸಾವಿರ ಅಳಿಲುಗಳಿಗೂ ಹೊಂದುತ್ತವೆ. ಹಾಗಾಗಿ ಪರಿಕರ ಪ್ರತಿ ಸಲ ಆ ಸಾವಿರದಲ್ಲಿ ಒಂದನ್ನು ಆರಿಸಿಕೊಡುತ್ತದೆ. ಕಣ್ಣಿನ ಆಕಾರ, ಕಿವಿಯ ತುದಿ, ಗೆರೆಯ ದಪ್ಪ, ತಲೆಗೂ ಮೈಗೂ ಇರುವ ಅಳತೆ, ಇವನ್ನು ನೀವು ಹೇಳದಿದ್ದರೆ ಅದು ತಾನೇ ತುಂಬಿಕೊಳ್ಳುತ್ತದೆ.

ಪರಿಹಾರ, ಪ್ರಾಂಪ್ಟನ್ನು ಎರಡು ಭಾಗ ಮಾಡುವುದು. ಮೊದಲನೆಯದು ಗುಂಡ ಯಾರು ಎಂದು ಹೇಳುತ್ತದೆ, ಅದನ್ನು ಯಾರೂ ಮುಟ್ಟಬಾರದು. ಎರಡನೆಯದು ಈಗ ಏನು ಮಾಡುತ್ತಿದ್ದಾನೆ ಎಂದು ಹೇಳುತ್ತದೆ, ಬದಲಾಗುವುದು ಅದೊಂದೇ.

```
Flat cartoon mascot, one round squirrel, two heads tall,
orange body, cream belly and muzzle, small oval black eyes,
two short rounded ears, solid blue neckerchief,
big tail curled upward with three dark brown rings,
even dark brown outline, flat colours.
POSE: standing on both feet, facing viewer, arms slightly away from body.
Plain light grey background, full body in frame.
```

ಕ್ರಮಕ್ಕೂ ಬೆಲೆ ಇದೆ. ಸ್ಟೇಬಲ್ ಡಿಫ್ಯೂಷನ್‌ನ ಹಳೆಯ ಮಾದರಿಗಳು ಪ್ರಾಂಪ್ಟನ್ನು ಟೋಕನ್ ಎಂಬ ಪದ ಅಥವಾ ಪದದ ತುಂಡುಗಳಾಗಿ ಒಡೆದು, 75 ಟೋಕನ್‌ಗಳ ಕಂತಿನಲ್ಲಿ ಓದುತ್ತವೆ. ಅದಕ್ಕಿಂತ ಉದ್ದವಾದದ್ದನ್ನು ಕೆಲವು ಸಾಫ್ಟ್‌ವೇರ್ ಕತ್ತರಿಸಿಬಿಡುತ್ತವೆ, ಕೆಲವು ಎರಡನೇ ಕಂತಿಗೆ ತಳ್ಳುತ್ತವೆ. ಮೇಲಿನ ಪ್ರಾಂಪ್ಟ್ ಪೂರ್ತಿಯಾಗಿ ಒಂದು ಕಂತಿನಲ್ಲಿ ಹಿಡಿಸುವುದಿಲ್ಲ. ಅಂಥ ಮಾದರಿ ಬಳಸುವವರು ಗುಂಡನ ಗುರುತುಗಳನ್ನು ಮುಂದಿಟ್ಟು, ಹಿನ್ನೆಲೆಯ ಮಾತನ್ನು ಎರಡು ಪದಕ್ಕಿಳಿಸಬೇಕು. ಕರವಸ್ತ್ರ ಮತ್ತು ಬಾಲದ ಬಳೆ ಆಗಾಗ ಮಾಯವಾಗುತ್ತಿದ್ದರೆ, ಅವುಗಳ ಪದಗಳು ಪ್ರಾಂಪ್ಟ್‌ನ ಬಾಲದಲ್ಲಿ ಸಿಕ್ಕಿಕೊಂಡಿವೆಯೇ ಎಂದು ಮೊದಲು ನೋಡಿ.

ಇಲ್ಲೊಂದು ಎಚ್ಚರಿಕೆ. ಸ್ಥಿರತೆ ಸಿಗಲಿ ಎಂದು ಈಗಾಗಲೇ ಪ್ರಸಿದ್ಧವಾದ ಕಾರ್ಟೂನ್ ಪಾತ್ರದ ಹೆಸರನ್ನೋ ಸ್ಟುಡಿಯೋ ಹೆಸರನ್ನೋ ಪ್ರಾಂಪ್ಟ್‌ಗೆ ಸೇರಿಸುವವರಿದ್ದಾರೆ. ಚಿತ್ರಗಳು ನಿಜಕ್ಕೂ ಒಂದೇ ತರಹ ಬರುತ್ತವೆ, ಏಕೆಂದರೆ ಅವು ಇನ್ನೊಬ್ಬರ ಪಾತ್ರವನ್ನು ಹೋಲುತ್ತವೆ. ಪ್ಯಾಕೆಟ್ ಮಾರುಕಟ್ಟೆಗೆ ಹೋದ ಮೇಲೆ ಅದು ಕಾನೂನಿನ ತಕರಾರಾಗುತ್ತದೆ.

## ಲಕ್ಷಣ: ನಿಂತಾಗ ಗುಂಡ, ಓಡಿದಾಗ ಇನ್ಯಾರೋ

ಅತಿ ಹೆಚ್ಚು ಸಮಯ ತಿನ್ನುವ ದೋಷ ಇದೇ. ಕಣ್ಣಳತೆಗೆ ಬಿಡದೆ ಅಳೆದು ನೋಡಿ. ಕಿವಿ ಬಿಟ್ಟು ಒಟ್ಟು ಎತ್ತರವನ್ನು ತಲೆಯ ಎತ್ತರದಿಂದ ಭಾಗಿಸಿ. ನಿಂತ ಗುಂಡನಲ್ಲಿ 2 ಬರುತ್ತದೆ. ಓಡುವ ಚಿತ್ರದಲ್ಲಿ ಮೈ ಓರೆಯಾಗಿರುವುದರಿಂದ ನೆತ್ತಿಯಿಂದ ಸೊಂಟ, ಸೊಂಟದಿಂದ ಪಾದ ಹೀಗೆ ತುಂಡುತುಂಡಾಗಿ ಅಳೆದು ಕೂಡಿಸಿ. 1.9ರಿಂದ 2.1ರೊಳಗಿದ್ದರೆ ಕಣ್ಣು ಒಪ್ಪುತ್ತದೆ. 2.8 ಬಂದರೆ ಮುಖ ಎಷ್ಟೇ ಹೋಲಲಿ, ಮಗುವಿಗೆ ಅವನು ಗುಂಡನ ಅಣ್ಣ.

ಕಾರಣ ಕ್ರಿಯಾಪದದಲ್ಲಿದೆ. ಪರಿಕರ ಕಲಿತ ಚಿತ್ರಗಳಲ್ಲಿ ಓಡುವವರಿಗೆ ಉದ್ದ ಕಾಲು, ಜಿಗಿಯುವವರಿಗೆ ತೆಳು ಮೈ. ಓಡು ಎಂಬ ಪದ ಬಂದಾಗ ಅದರ ಜೊತೆಗೆ ಆ ಮೈಕಟ್ಟೂ ಬರುತ್ತದೆ. ಹೀರೋನಂತೆ ಹಾರು ಎಂದರೆ ಬೆನ್ನ ಮೇಲೆ ಹಾರುವ ಹೊದಿಕೆಯೂ ಸ್ನಾಯುವೂ ಬರುತ್ತವೆ. ಆದ್ದರಿಂದ ಕ್ರಿಯೆಯ ಹೆಸರು ಹೇಳುವ ಬದಲು ಕೈಕಾಲು ಎಲ್ಲಿವೆ ಎಂದು ಹೇಳಿ:

```
POSE: body leaning forward, one short leg forward,
one short leg back, both arms bent, tail behind.
```

`short` ಎಂಬ ಪದ ಇಲ್ಲಿ ಸುಮ್ಮನೆ ಬಂದಿಲ್ಲ. ಕಾಲಿನ ಮಾತು ಬಂದಲ್ಲೆಲ್ಲ ಅದರ ಅಳತೆಯನ್ನೂ ಹೇಳದಿದ್ದರೆ ಕಾಲು ಬೆಳೆಯುತ್ತದೆ.

ಪದಗಳಿಂದ ಆಗದಿದ್ದರೆ ಮುಂದಿನ ಹೆಜ್ಜೆ ರೆಫರೆನ್ಸ್ ಚಿತ್ರ. ಇಲ್ಲಿ ಜನ ಪ್ಯಾಕೆಟ್‌ಗೆ ಆಯ್ಕೆಯಾದ ಚಂದದ ಚಿತ್ರವನ್ನೇ ರೆಫರೆನ್ಸ್ ಆಗಿ ಕೊಟ್ಟು ಕೆಡುತ್ತಾರೆ. ಅದರಲ್ಲಿ ಗುಂಡ ಕೈ ಬೀಸುತ್ತಿದ್ದರೆ ಮುಂದಿನ ಎಲ್ಲ ಚಿತ್ರಗಳಲ್ಲೂ ಒಂದು ಕೈ ಮೇಲೇ ಇರುತ್ತದೆ. ರೆಫರೆನ್ಸ್‌ಗೆಂದೇ ಒಂದು ಚಿತ್ರ ಬೇಕು: ನೇರ ನಿಂತ ಪೂರ್ತಿ ದೇಹ, ಮೈಗಂಟದ ಕೈಗಳು, ಬಾಲ ಪೂರ್ತಿ ಕಾಣುವಂತೆ, ನೆರಳಿಲ್ಲದ ಬರಿಯ ಹಿನ್ನೆಲೆ.

ಮಿಡ್‌ಜರ್ನಿಯ ಏಳನೇ ಆವೃತ್ತಿಯಲ್ಲಿ ಈ ಚಿತ್ರವನ್ನು `--oref` ಮೂಲಕ ಕೊಡುತ್ತಾರೆ, ಅದರ ಬಿಗಿಯನ್ನು `--ow` ನಿಯಂತ್ರಿಸುತ್ತದೆ. ನೀವೇನೂ ಹೇಳದಿದ್ದರೆ ಅದು 100. ಬೇರೆ ಪರಿಕರಗಳಲ್ಲಿ ಹೆಸರು ಬೇರೆ, ತತ್ವ ಒಂದೇ. ಬಿಗಿ ಕಡಿಮೆಯಾದರೆ ಮುಖ ಜಾರುತ್ತದೆ. ಹೆಚ್ಚಾದರೆ ಓಡು ಎಂದರೂ ಗುಂಡ ನಿಂತೇ ಇರುತ್ತಾನೆ. ಈ ಎರಡು ಲಕ್ಷಣಗಳಲ್ಲಿ ಯಾವುದು ಕಾಣುತ್ತಿದೆ ಎಂದು ನೋಡಿ 50ರಂತೆ ಮೇಲೆ ಅಥವಾ ಕೆಳಗೆ ಸರಿಸಿ. ಒಮ್ಮೆಗೇ ಪ್ರಾಂಪ್ಟನ್ನೂ ಬಿಗಿಯನ್ನೂ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂಬುದು ಉಳಿಯುವುದಿಲ್ಲ.

ಇನ್ನೊಂದು ತಪ್ಪು ನಿಧಾನವಾಗಿ ಕೆಡಿಸುತ್ತದೆ. ಮೊದಲ ಚಿತ್ರದಿಂದ ಎರಡನೆಯದು, ಎರಡನೆಯದರಿಂದ ಮೂರನೆಯದು ಹೀಗೆ ಸರಪಳಿ ಹಾಕಿದರೆ, ಜೆರಾಕ್ಸ್‌ನ ಜೆರಾಕ್ಸ್ ತೆಗೆದಂತೆ ಪ್ರತಿ ಸಲ ಸ್ವಲ್ಪ ಕಳೆದುಹೋಗುತ್ತದೆ. ಪಕ್ಕಪಕ್ಕದ ಎರಡು ಚಿತ್ರ ನೋಡಿದಾಗ ಏನೂ ಗೊತ್ತಾಗುವುದಿಲ್ಲ. ಒಂದನೆಯದನ್ನೂ ಹತ್ತನೆಯದನ್ನೂ ಒಟ್ಟಿಗೆ ಇಟ್ಟಾಗ ಎದೆ ಧಸಕ್ಕೆನ್ನುತ್ತದೆ. ಪ್ರತಿ ಭಂಗಿಯೂ ಮೂಲ ರೆಫರೆನ್ಸ್‌ನಿಂದಲೇ ಹೊರಡಬೇಕು.

ಬೆನ್ನು ತಿರುಗಿಸಿದ ಭಂಗಿ ಮಾತ್ರ ಇದಕ್ಕೆ ಹೊರತು. ಮುಂಬದಿಯ ರೆಫರೆನ್ಸ್‌ನಲ್ಲಿ ಗುಂಡನ ಬೆನ್ನಿನ ಮಾಹಿತಿಯೇ ಇಲ್ಲ, ಹಾಗಾಗಿ ಪರಿಕರ ಊಹಿಸುತ್ತದೆ, ಪ್ರತಿ ಸಲ ಬೇರೆಯಾಗಿ. ಒಮ್ಮೆ ಬೆನ್ನಿನ ಚಿತ್ರ ತೆಗೆದು, ಕರವಸ್ತ್ರದ ಗಂಟು, ಬಾಲದ ಬುಡ ಎಲ್ಲಿ ಎಂದು ಕೈಯಿಂದ ತಿದ್ದಿ, ಅದನ್ನು ಎರಡನೇ ರೆಫರೆನ್ಸ್ ಆಗಿ ಇಟ್ಟುಕೊಳ್ಳಿ.

ಸ್ಟೇಬಲ್ ಡಿಫ್ಯೂಷನ್ ಬಳಸುವವರು ಭಂಗಿಯನ್ನು ಗೆರೆಗಳಲ್ಲಿ ತೋರಿಸಿಕೊಡುವ ಕಂಟ್ರೋಲ್‌ನೆಟ್ ಎಂಬ ಜೋಡಣೆಯಲ್ಲಿ, ಎಲುಬುಗೂಡಿನಂಥ ಗೆರೆ ಬಳಸುವ ಓಪನ್‌ಪೋಸ್ ವಿಧಾನ ಹಚ್ಚಿ ನಿರಾಶರಾಗುವುದುಂಟು. ಅದು ಮನುಷ್ಯರ ಎಲುಬಿನ ಅಳತೆಗೆ ಮಾಡಿದ್ದು. ಎರಡು ತಲೆ ಎತ್ತರದ ಅಳಿಲಿಗೆ ಅದನ್ನು ಹಾಕಿದರೆ ಅಳಿಲು ವೇಷ ತೊಟ್ಟ ಮಗು ಬರುತ್ತದೆ. ಎರಡು ವೃತ್ತ, ನಾಲ್ಕು ಮೊಟುಕು ಗೆರೆ ಗೀಚಿ ಸ್ಕ್ರಿಬಲ್ ವಿಧಾನದಲ್ಲಿ ಕೊಡುವುದೇ ಇಲ್ಲಿ ಕೆಲಸಕ್ಕೆ ಬರುತ್ತದೆ.

ಇಲ್ಲಿ ನಿಲ್ಲಿಸಿ: ಒಂದು ಭಂಗಿಗೆ ಮೂವತ್ತು ಚಿತ್ರ ತೆಗೆದರೂ ಅಳತೆ ಕೂಡದಿದ್ದರೆ ಪ್ರಾಂಪ್ಟ್‌ನಿಂದ ಆಗುವುದು ಮುಗಿಯಿತು. ಸರಿಯಿರುವ ಭಂಗಿಗಳನ್ನು ಚಿತ್ರಕಾರರಿಗೆ ಕೊಟ್ಟು ಉಳಿದವನ್ನು ಬರೆಸಿ. ಹತ್ತಾರು ಭಂಗಿ ಬೇಕಿದ್ದರೆ ಕೈಯಿಂದ ತಿದ್ದಿದ 20ರಷ್ಟು ಚಿತ್ರಗಳಿಂದ, ಗುಂಡನನ್ನೇ ಕಲಿತು ಮೂಲ ಮಾದರಿಗೆ ಸೇರುವ ಲೋರಾ ಎಂಬ ಪುಟ್ಟ ಪೂರಕಕ್ಕೆ ತರಬೇತಿ ಕೊಡಿಸಬಹುದು. ತಿದ್ದದ ಚಿತ್ರ ಕೊಟ್ಟರೆ ಅದು ತಪ್ಪನ್ನೇ ನಿಷ್ಠೆಯಿಂದ ಕಲಿಯುತ್ತದೆ.

## ಲಕ್ಷಣ: ಬೇಡ ಎಂದದ್ದೇ ಬರುತ್ತದೆ

ಟೋಪಿ ಬೇಡ ಎಂದು ಬರೆದ ದಿನದಿಂದ ಗುಂಡನಿಗೆ ಟೋಪಿ. ಅನೇಕ ಮಾದರಿಗಳು ಬೇಡ ಎಂಬುದಕ್ಕಿಂತ ಟೋಪಿ ಎಂಬುದನ್ನೇ ಗಟ್ಟಿಯಾಗಿ ಹಿಡಿಯುತ್ತವೆ. ಆ ಪದವನ್ನು ಮುಖ್ಯ ಪ್ರಾಂಪ್ಟ್‌ನಿಂದ ತೆಗೆದು ನೆಗೆಟಿವ್ ಪ್ರಾಂಪ್ಟ್ ಜಾಗಕ್ಕೆ ಹಾಕಿ, ಮಿಡ್‌ಜರ್ನಿಯಲ್ಲಾದರೆ `--no hat`. ಅಂಥ ಜಾಗವೇ ಇಲ್ಲದಿದ್ದರೆ ಇರಬೇಕಾದದ್ದನ್ನು ಹೇಳಿ: ಬರಿದಾದ ದುಂಡು ತಲೆ, ಎರಡೂ ಕಿವಿ ಕಾಣುವಂತೆ.

## ಲಕ್ಷಣ: ಬಾಲದ ಬಳೆ ಮೂರಿದ್ದದ್ದು ನಾಲ್ಕು, ಗಂಟು ಎಡದಿಂದ ಬಲಕ್ಕೆ

ಎಣಿಕೆ ಮತ್ತು ಎಡಬಲ, ಈ ಎರಡರಲ್ಲಿ ಚಿತ್ರ ಪರಿಕರಗಳು ಎಡವುತ್ತಲೇ ಇರುತ್ತವೆ. ಮೊದಲು ಸುಲಭದ ಅನುಮಾನವನ್ನು ನೋಡಿಬಿಡಿ. ಲೇಔಟ್ ಮಾಡುವವರು ಜಾಗಕ್ಕೆ ಹೊಂದಲಿ ಎಂದು ಚಿತ್ರವನ್ನು ಅಡ್ಡಲಾಗಿ ತಿರುಗಿಸಿದ್ದಾರೆಯೇ? ಹಾಗಿದ್ದರೆ ದೋಷ ಪ್ರಾಂಪ್ಟ್‌ನದಲ್ಲ. ಎರಡನೆಯದು, ಎಡ ಎಂದರೆ ಗುಂಡನ ಎಡವೋ ನೋಡುವವರ ಎಡವೋ? ಪ್ರಾಂಪ್ಟ್‌ನಲ್ಲಿ `on the left side of the image` ಎಂದು ಚಿತ್ರದ ಬದಿಯನ್ನೇ ಹೇಳಿದರೆ ಗೊಂದಲ ಕಡಿಮೆ.

ಬಾಲ ಸುರುಳಿಯಾದಾಗ ಒಂದು ಬಳೆ ಮರೆಯಾಗುತ್ತದೆ. ಪರಿಕರ ಕಾಣುವ ಜಾಗದಲ್ಲೇ ಮೂರನ್ನು ತುರುಕುತ್ತದೆ ಅಥವಾ ಬಾಲದ ಉದ್ದಕ್ಕೆ ತಕ್ಕಂತೆ ಒಂದು ಹೆಚ್ಚು ಹಾಕುತ್ತದೆ. ಇದಕ್ಕೆ ಪ್ರಾಂಪ್ಟ್‌ನಲ್ಲಿ ಔಷಧಿ ಹುಡುಕುವುದಕ್ಕಿಂತ ವಿನ್ಯಾಸವನ್ನೇ ಸರಳ ಮಾಡುವುದು ಒಳ್ಳೆಯದು. ಪ್ಯಾಕೆಟ್ ಇನ್ನೂ ಮುದ್ರಣವಾಗಿಲ್ಲದಿದ್ದರೆ ಮೂರು ಬಳೆಯನ್ನು ಬಿಟ್ಟು ಬಾಲದ ತುದಿಯನ್ನಷ್ಟೇ ಕಂದು ಮಾಡಿ, ಕರವಸ್ತ್ರದ ಗಂಟನ್ನು ಮಧ್ಯಕ್ಕೆ ತನ್ನಿ. ಎಣಿಸಬೇಕಾದದ್ದೂ ಇಲ್ಲ, ಎಡಬಲವೂ ಇಲ್ಲ. ದೋಷವೇ ಹುಟ್ಟಲು ಜಾಗವಿಲ್ಲ. ನಮ್ಮ ಅಭಿಪ್ರಾಯದಲ್ಲಿ ಗುಂಡನಿಗೆ ಮೊದಲ ದಿನವೇ ಇದನ್ನು ಮಾಡಬೇಕಿತ್ತು.

ಮೂರು ಬಳೆಯ ಗುಂಡ ಈಗಾಗಲೇ ಅಂಗಡಿಯಲ್ಲಿದ್ದರೆ ಪೂರ್ತಿ ಚಿತ್ರವನ್ನು ಮತ್ತೆ ತೆಗೆಯಬೇಡಿ. ಇನ್‌ಪೇಂಟ್‌ನಲ್ಲಿ ಬಾಲವನ್ನಷ್ಟೇ ಆಯ್ದು ಅಲ್ಲಿ ಮಾತ್ರ ಬರೆಸಿ. ಎಷ್ಟರಮಟ್ಟಿಗೆ ಹೊಸದಾಗಿ ಬರೆಯಬೇಕೆಂದು ಹೇಳುವ ಡಿನಾಯ್ಸಿಂಗ್ ಮೌಲ್ಯ 0.4ರಿಂದ 0.6ರ ನಡುವೆ ಇರಲಿ. ಕಡಿಮೆಯಾದರೆ ಹಳೆಯ ಬಳೆ ಹೋಗದು, ಹೆಚ್ಚಾದರೆ ಬಾಲದ ಆಕಾರವೇ ಹೋಗುತ್ತದೆ.

## ಲಕ್ಷಣ: ಕಿತ್ತಳೆ ಒಮ್ಮೆ ಹಳದಿಗೆ, ಒಮ್ಮೆ ಕಂದಿಗೆ ವಾಲುತ್ತದೆ

ಪ್ರಾಂಪ್ಟ್‌ನಲ್ಲಿ ಬೆಳಕಿನ ಮಾತು ಇದೆಯೇ ನೋಡಿ. ಸಂಜೆ, ಚಿನ್ನದ ಹೊಳಪು, ಬೆಚ್ಚನೆಯ ಅಡುಗೆಮನೆ ಎಂಬ ಪದಗಳು ಹಿನ್ನೆಲೆಯನ್ನಷ್ಟೇ ಅಲ್ಲ, ಗುಂಡನ ಮೈಯನ್ನೂ ಬಣ್ಣಿಸುತ್ತವೆ. ಬರಿಯ ಬೂದು ಹಿನ್ನೆಲೆಯಲ್ಲಿ ಗುಂಡನನ್ನು ತೆಗೆದು, ದೃಶ್ಯವನ್ನು ಬೇರೆಯಾಗಿ ಮಾಡಿ, ಆಮೇಲೆ ಸೇರಿಸಿ.

`#F28C28` ಎಂದು ಹೆಕ್ಸ್ ಸಂಖ್ಯೆ ಬರೆದರೆ ಅದೇ ಬಣ್ಣ ಬರುತ್ತದೆ ಎಂದು ನಂಬಿ ಕೂರಬೇಡಿ. ಹೆಚ್ಚಿನ ಪರಿಕರಗಳು ಅದನ್ನು ಅಳತೆಯಾಗಿ ಓದುವುದಿಲ್ಲ. ಪ್ರಾಂಪ್ಟ್‌ನಲ್ಲಿ ಸಾದಾ ಬಣ್ಣದ ಹೆಸರು ಸಾಕು. ನಿಖರವಾದ ಬಣ್ಣವನ್ನು, ಚುಕ್ಕೆಗಳ ಬದಲು ಗೆರೆ ಮತ್ತು ಆಕಾರಗಳಿಂದಾದ ವೆಕ್ಟರ್ ಫೈಲಿನಲ್ಲಿ ಕೈಯಿಂದ ತುಂಬಬೇಕು. ಗುಂಡನಿಗೆ ಐದೇ ಬಣ್ಣ: ಕಿತ್ತಳೆ, ಕೆನೆ, ನೀಲಿ, ಕಂದು, ಕಪ್ಪು. ಐದನ್ನೂ ಸ್ವಾಚ್ ಆಗಿ ಉಳಿಸಿಕೊಂಡರೆ ಪ್ರತಿ ಭಂಗಿಗೂ ಅದೇ ಹಚ್ಚಬಹುದು.

## ಲಕ್ಷಣ: ಪರದೆಯಲ್ಲಿ ಚಂದ, ಪ್ಯಾಕೆಟ್ ಮೇಲೆ ಮಂಕು ಅಥವಾ ಮಸುಕು

ಮಸುಕಿಗೆ ಕಾರಣ ಸಾಮಾನ್ಯವಾಗಿ ಗಾತ್ರ. 1024 ಪಿಕ್ಸೆಲ್ ಎತ್ತರದ ಚಿತ್ರವನ್ನು ಮುದ್ರಣದ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಇಟ್ಟರೆ ಸುಮಾರು 8.7 ಸೆಂಟಿಮೀಟರ್. ಗುಂಡ 15 ಸೆಂಟಿಮೀಟರ್ ನಿಲ್ಲಬೇಕಿದ್ದರೆ ಸುಮಾರು 1772 ಪಿಕ್ಸೆಲ್ ಬೇಕು. ಎಳೆದು ದೊಡ್ಡದು ಮಾಡುವ ಬದಲು ವೆಕ್ಟರ್‌ಗೆ ಬದಲಿಸಿ. ಆಟೊ ಟ್ರೇಸ್ ಮಾಡಿದ ಮೇಲೆ ಗೆರೆಗಳನ್ನು ಹತ್ತಿರದಿಂದ ನೋಡಿ. ಕಣ್ಣಿನ ಅಂಚು ಹಲ್ಲುಹಲ್ಲಾಗಿದ್ದರೆ ಪೆನ್ ಟೂಲ್‌ನಿಂದ ಮತ್ತೆ ಬರೆಯಬೇಕು.

ಮಂಕಿಗೆ ಕಾರಣ ಬೇರೆ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಮುದ್ರಣ ಶಾಯಿಯಿಂದ. ಹೊಳೆಯುವ ಕಿತ್ತಳೆ ಮುದ್ರಣದ ಸಿಎಂವೈಕೆ ಎಂಬ ನಾಲ್ಕು ಶಾಯಿಗಳಿಗೆ ಎಟಕುವುದಿಲ್ಲ. ತಿಂಡಿಯ ಪೊಟ್ಟಣ ಬೆಳ್ಳಿಯಂತೆ ಹೊಳೆಯುವ ಫಿಲ್ಮ್ ಆಗಿದ್ದರೆ, ಗುಂಡನ ಕೆಳಗೆ ಬಿಳಿ ಶಾಯಿಯ ಪದರ ಇಲ್ಲದಿದ್ದಾಗ ಕೆನೆ ಹೊಟ್ಟೆ ಬೂದಾಗುತ್ತದೆ. ಕಾಗದದ ಡಬ್ಬದಲ್ಲಿ ಸರಿ, ಪೊಟ್ಟಣದಲ್ಲಿ ಮಾತ್ರ ಕೊಳಕು ಎಂಬ ಲಕ್ಷಣ ಕಂಡರೆ ಮೊದಲು ಈ ಬಿಳಿ ಪದರದ ಬಗ್ಗೆ ಕೇಳಿ. ಕಿತ್ತಳೆಯನ್ನು ಮೊದಲೇ ಬೆರೆಸಿದ ಪ್ರತ್ಯೇಕ ಶಾಯಿಯ ಸ್ಪಾಟ್ ಬಣ್ಣವಾಗಿ ಹಾಕಬೇಕೇ ಎಂಬುದನ್ನು ಮುದ್ರಣದವರೊಂದಿಗೆ, ಪ್ರೂಫ್ ಕೈಯಲ್ಲಿ ಹಿಡಿದೇ ತೀರ್ಮಾನಿಸಿ.

ಮುಖ ಸೊಟ್ಟಗಾದಂತೆ ಕಂಡರೆ ಪೊಟ್ಟಣಕ್ಕೆ ತಿಂಡಿ, ಗಾಳಿ ತುಂಬಿ ನೋಡಿ. ದಿಂಬಿನಂತೆ ಉಬ್ಬಿದಾಗ ಅಂಚಿನ ಭಾಗ ಹಿಂದಕ್ಕೆ ಬಾಗುತ್ತದೆ. ಬಾಲ ಬಾಗಬಹುದು, ಮುಖ ಬಾಗಬಾರದು, ಮುಖ ನಡುವಿನಲ್ಲಿರಲಿ. ಹಿಂಬದಿಯಲ್ಲಿ 15 ಮಿಲಿಮೀಟರ್‌ನ ಗುಂಡ ಬೇಕಿದ್ದರೆ ದೊಡ್ಡವನನ್ನು ಕುಗ್ಗಿಸಿದರೆ ಬಳೆಗಳು ಕಲೆಯಂತಾಗುತ್ತವೆ. ತಲೆಯೊಂದನ್ನೇ ದಪ್ಪ ಗೆರೆಯಲ್ಲಿ ಬೇರೆ ಮಾಡಿಡಿ.

ಪ್ಯಾಕೆಟ್‌ನ ಚಿತ್ರವನ್ನೂ ಅಕ್ಷರವನ್ನೂ ಪ್ರಾಂಪ್ಟ್‌ನಲ್ಲೇ ಕೇಳಬೇಡಿ. ಪಾರದರ್ಶಕ ಹಿನ್ನೆಲೆ ಕೇಳಿದರೆ ಕೆಲವು ಪರಿಕರಗಳು ಬೂದು ಬಿಳಿ ಚೌಕಳಿಯನ್ನು ಚಿತ್ರವಾಗಿಯೇ ಬರೆದುಕೊಡುತ್ತವೆ.

## ಮುದ್ರಣಕ್ಕೆ ಕಳಿಸುವ ಮೊದಲು ನೋಡಲೇಬೇಕಾದ ಭಂಗಿಗಳು

ಕೆಲವು ಭಂಗಿಗಳು ಗುಂಡನನ್ನು ಚೆನ್ನಾಗಿ ಹೋಲಿದರೂ ಬಳಸಬಾರದು. ತಿಂಡಿಯನ್ನು ಮೇಲೆಸೆದು ಬಾಯಲ್ಲಿ ಹಿಡಿಯುವುದು, ಓಡುತ್ತಾ ತಿನ್ನುವುದು, ಮಲಗಿ ತಿನ್ನುವುದು, ಎರಡೂ ಕೆನ್ನೆ ತುಂಬಿಕೊಳ್ಳುವುದು: ಇವನ್ನು ನೋಡಿದ ಚಿಕ್ಕ ಮಗು ಹಾಗೇ ಮಾಡಿದರೆ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಓಡುವ ಭಂಗಿಯಲ್ಲಿ ಗುಂಡನ ಕೈಯಲ್ಲಿ ತಿಂಡಿ ಇರದಿರಲಿ. ತಿನ್ನುವ ಭಂಗಿ ಬೇಕಿದ್ದರೆ ಪ್ರಾಂಪ್ಟ್‌ನಲ್ಲಿ ಕೂತಿದ್ದಾನೆ, ಒಂದೇ ತುಂಡು ಹಿಡಿದಿದ್ದಾನೆ ಎಂದು ಬರೆಯಿರಿ.

ಅಳಿಲು ಎಂದ ಕೂಡಲೇ ಪರಿಕರ ಕೇಳದೆಯೇ ಕೈಗೊಂದು ಗಟ್ಟಿ ಸಿಪ್ಪೆಯ ಬೀಜ ಕೊಡುತ್ತದೆ. ಇದು ದೊಡ್ಡ ದೋಷ. ಜೋಳದ ಪಫ್‌ನಲ್ಲಿ ಅಂಥ ಬೀಜವೇ ಇಲ್ಲದಿದ್ದರೆ ಚಿತ್ರ ಸುಳ್ಳು ಹೇಳಿದಂತಾಗುತ್ತದೆ, ಅಲರ್ಜಿ ಇರುವ ಮಗುವಿನ ಮನೆಯವರು ಗೊಂದಲಕ್ಕೆ ಬೀಳುತ್ತಾರೆ. ಪ್ರತಿ ಭಂಗಿಯಲ್ಲೂ ಎರಡೂ ಕೈ ಏನು ಮಾಡುತ್ತಿವೆ ಎಂದು ಹೇಳಿದರೆ ಬೀಜಕ್ಕೆ ಜಾಗ ಸಿಗುವುದಿಲ್ಲ.

ಇನ್ನು ಕಾನೂನು ಬಲ್ಲವರನ್ನೇ ಕೇಳಬೇಕಾದ ಎರಡು ಪ್ರಶ್ನೆಗಳಿವೆ. ಒಂದು, ಮಾರುವ ದೇಶದಲ್ಲಿ ಇಂಥ ಮ್ಯಾಸ್ಕಾಟ್‌ಗೆ ಅನುಮತಿ ಇದೆಯೇ ಎಂಬುದು. ಚಿಲಿಯಲ್ಲಿ 2016ರಿಂದ, ಮೆಕ್ಸಿಕೋದಲ್ಲಿ 2021ರಿಂದ, ಸಕ್ಕರೆ ಅಥವಾ ಉಪ್ಪಿನಂಥವು ಮಿತಿಮೀರಿ ಎಚ್ಚರಿಕೆಯ ಮುದ್ರೆ ಬಿದ್ದ ಪ್ಯಾಕೆಟ್‌ಗಳ ಮೇಲೆ ಮಕ್ಕಳನ್ನು ಸೆಳೆಯುವ ಪಾತ್ರ ಹಾಕುವಂತಿಲ್ಲ. ಎರಡು, ಗುಂಡ ಯಾರ ಸ್ವತ್ತು ಎಂಬುದು. ಮನುಷ್ಯರ ರಚನೆಯಿಲ್ಲದೆ ಎಐ ಬರೆದ ಭಾಗಕ್ಕೆ ಕೃತಿಸ್ವಾಮ್ಯ ಸಿಗದೆಂದು ಅಮೆರಿಕದ ಕಾಪಿರೈಟ್ ಕಚೇರಿ 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ಆದ್ದರಿಂದ ಚಿತ್ರಕಾರರು ಕೈಯಿಂದ ಬರೆದ ವೆಕ್ಟರ್ ಫೈಲ್, ಅದರ ಹಂತಹಂತದ ಕರಡುಗಳು, ಗುಂಡನ ಸ್ಥಿರ ಪ್ರಾಂಪ್ಟ್, ಎರಡು ರೆಫರೆನ್ಸ್ ಚಿತ್ರ, ಪರಿಕರದ ಆವೃತ್ತಿ, ಇವೆಲ್ಲವನ್ನೂ ದಿನಾಂಕ ಹಾಕಿ ಒಂದೇ ಫೋಲ್ಡರ್‌ನಲ್ಲಿಡಿ. ಪರಿಕರದ ಆವೃತ್ತಿ ಬದಲಾದ ದಿನ ಹೊಸ ಭಂಗಿ ತೆಗೆಯುವ ಮೊದಲು, ಹಳೆಯ ನಿಂತ ಭಂಗಿಯನ್ನೇ ಎಂಟು ಸಲ ತೆಗೆದು ಹೋಲಿಸಿ ನೋಡಿ.